ಹಬ್ಬದ ಉಡುಗೊರೆ: ನೇರ ಅವರ ಮನೆಗೋ, ನಮ್ಮ ಮನೆಗೆ ತರಿಸಿ ಕಳಿಸುವುದೋ?

ಕಳೆದ ವರ್ಷ ದೀಪಾವಳಿಗೆ ಡೊಂಬಿವಿಲಿಯ ಅತ್ತೆಗೆ ಒಂದು ಸೀರೆ ಕಳಿಸಿದೆ. ದುಡ್ಡು ಅತ್ತೆಯೇ ಕೊಟ್ಟರು.

ತಪ್ಪು ನನ್ನದೇ. ರಾತ್ರಿ ಹನ್ನೊಂದೂವರೆಗೆ ಉಡುಪಿಯ ಮನೆಯಲ್ಲಿ ಕೂತು ಆರ್ಡರ್ ಮಾಡುವಾಗ ಯುಪಿಐ ಎರಡು ಸಲ ಕೈಕೊಟ್ಟಿತು. ಬೇಜಾರಾಗಿ ಕ್ಯಾಶ್ ಆನ್ ಡೆಲಿವರಿ ಒತ್ತಿ ಮಲಗಿದೆ. ವಿಳಾಸ ಅತ್ತೆಯದು ಅನ್ನುವುದು ತಲೆಯಿಂದ ಹೋಗಿತ್ತು. ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು 1,850 ರೂಪಾಯಿ ಕೇಳಿದಾಗ ಅವರು ಸುಮ್ನೆ ಕೊಟ್ಟು ಒಳಗೆ ಇಟ್ಟುಕೊಂಡರು. ನನಗೆ ಹೇಳಲೂ ಇಲ್ಲ. ಮೂರು ತಿಂಗಳ ನಂತರ ಮದುವೆಯೊಂದರಲ್ಲಿ ಸಿಕ್ಕಾಗ "ನೀನು ಕಳಿಸಿದ ಸೀರೆ ಚಂದ ಉಂಟು ಮಾರಾಯ್ತಿ, ಸ್ವಲ್ಪ ದುಬಾರಿ ಆಯಿತು ನನಗೆ" ಅಂದರು. ಅಲ್ಲಿ ಇದ್ದವರೆಲ್ಲ ನಕ್ಕರು.

ಆಮೇಲೆ ಕೂತು ಯೋಚಿಸಿದಾಗ ಒಂದು ವಿಷಯ ಗೊತ್ತಾಯಿತು. ಆನ್‌ಲೈನ್ ಅಂಗಡಿಯವರು ಹಬ್ಬಕ್ಕೆ ಡೆಲಿವರಿ ಯಾವಾಗ, ಗಿಫ್ಟ್ ಪ್ಯಾಕಿಂಗ್ ಎಷ್ಟು, ದುಡ್ಡು ಹೇಗೆ, ವಾಪಸು ಉಂಟಾ ಅಂತ ನಾಲ್ಕು ಉತ್ತರ ಬರೆದಿಡುತ್ತಾರೆ. ಅವೆಲ್ಲ ನಮಗೇ ಅಂತ ಕೊಳ್ಳುವವರಿಗೆ ಸರಿ. ಉಡುಗೊರೆಯಾದರೆ ಈ ನಾಲ್ಕೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಪಾರ್ಸೆಲ್ ಅಂಗಡಿಯಿಂದ ನೇರ ಅವರ ಮನೆಗೆ ಹೋಗಬೇಕಾ, ಅಥವಾ ಮೊದಲು ನಮ್ಮ ಮನೆಗೆ ಬಂದು, ನಾವು ನೋಡಿ, ಕಟ್ಟಿ, ಮತ್ತೆ ಕಳಿಸಬೇಕಾ? ಎರಡೂ ಮಾಡಿ ನೋಡಿದ್ದೇನೆ. ಎರಡರಲ್ಲೂ ಪೆಟ್ಟು ತಿಂದಿದ್ದೇನೆ.

ಮೊದಲು ದಿನ ಎಣಿಸಿ

ಹಬ್ಬದಿಂದ ಹಿಂದಕ್ಕೆ ಎಣಿಸುವುದು ಸುಲಭ. ನಮ್ಮ ಮನೆಗೆ ಬರಲು ಅಂಗಡಿ 5 ದಿನ ಅಂದಿದೆ ಅಂತ ಇಟ್ಟುಕೊಳ್ಳಿ. ಬಿಚ್ಚಿ ನೋಡಿ ಮತ್ತೆ ಕಟ್ಟಲು 2 ದಿನ, ಯಾಕೆಂದರೆ ಬಂದ ದಿನವೇ ಯಾರಿಗೂ ಪುರುಸೊತ್ತು ಇರುವುದಿಲ್ಲ. ಉಡುಪಿಯಿಂದ ಮುಂಬೈ ಕಡೆಗೆ 4 ದಿನ. ಹಬ್ಬದ ವಾರದ ರಶ್ಶು, ನಡುವೆ ಒಂದು ಭಾನುವಾರ, ಇವಕ್ಕೆ 2 ದಿನ. ಒಟ್ಟು 13. ನೇರ ಕಳಿಸಿದರೆ ಆ 5 ದಿನ, ಮೇಲೆ 3 ದಿನ ಕೈಯಲ್ಲಿ ಇಟ್ಟುಕೊಂಡರೆ 8.

ಹಾಗಾಗಿ ಹಬ್ಬಕ್ಕೆ ಎರಡು ವಾರ ಇದ್ದರೆ ಎರಡೂ ದಾರಿ ತೆರೆದಿದೆ. ಹತ್ತು ದಿನ ಉಳಿದಿದ್ದರೆ ನೇರ ಕಳಿಸುವುದು ಮಾತ್ರ. ಒಂದು ವಾರಕ್ಕಿಂತ ಕಡಿಮೆ ಇದ್ದರೆ ಅವರ ಊರಿನ ಅಂಗಡಿಯಲ್ಲಿ ಹುಡುಕಿ, ಇಲ್ಲವೇ ಹಬ್ಬ ಮುಗಿದ ಮೇಲೆ ಕಳಿಸುತ್ತೇನೆ ಅಂತ ಫೋನಿನಲ್ಲಿ ಹೇಳಿಬಿಡಿ.

ಇನ್ನೊಂದು, ಆರ್ಡರ್ ಹಾಕುವಾಗ ತೋರಿಸುವ ತಾರೀಕು ನೀವು ತುಂಬಿದ ಪಿನ್‌ಕೋಡಿಗೆ ಸಂಬಂಧಿಸಿದ್ದು. ನಮ್ಮ ಪಿನ್ ಹಾಕಿ ನೋಡಿ "ಬುಧವಾರ ಬರುತ್ತದೆ" ಅಂತ ಖುಷಿಪಟ್ಟು, ಕೊನೆಯಲ್ಲಿ ವಿಳಾಸ ಬದಲಿಸಿದರೆ ಬುಧವಾರ ಶನಿವಾರ ಆಗಿರಬಹುದು. ಗಿಫ್ಟ್ ಪ್ಯಾಕಿಂಗ್ ಗುರುತು ಹಾಕಿದರೂ ಕೆಲವು ಕಡೆ ತಾರೀಕು ಒಂದು ದಿನ ಜಾರುತ್ತದೆ. ಎಲ್ಲ ತುಂಬಿ ಆದ ಮೇಲೆ, ದುಡ್ಡು ಕಟ್ಟುವ ಮೊದಲು ಕಾಣುವ ತಾರೀಕೇ ಲೆಕ್ಕ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾರ ಫೋನ್ ನಂಬರ್?

ನೇರ ಕಳಿಸುವಾಗ ಎಲ್ಲರೂ ಎಡವುವುದು ಇಲ್ಲಿ. ಸರ್‌ಪ್ರೈಸ್ ಹಾಳಾಗಬಾರದು ಅಂತ ನಮ್ಮ ನಂಬರ್ ಕೊಡುತ್ತೇವೆ. ಆಗ ಡೊಂಬಿವಿಲಿಯ ಮೂರನೇ ಮಾಳಿಗೆಯಲ್ಲಿ ಬಾಗಿಲು ಯಾವುದು ಅಂತ ಗೊತ್ತಾಗದ ಹುಡುಗ ಉಡುಪಿಗೆ ಫೋನ್ ಮಾಡುತ್ತಾನೆ. ಅವನ ಮರಾಠಿ ನಮಗೆ ಅರ್ಧ ಅರ್ಥ, ನಮ್ಮ ಹಿಂದಿ ಅವನಿಗೆ ಕಾಲು ಅರ್ಥ. ಒಟಿಪಿ ಕೂಡ ನಮ್ಮ ಫೋನಿಗೇ ಬರುತ್ತದೆ, ನಾವು ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದರೆ ಮುಗಿಯಿತು, "ಮನೆಯಲ್ಲಿ ಯಾರೂ ಇಲ್ಲ" ಅಂತ ಬರೆದು ಹೊರಟೇ ಹೋಗುತ್ತಾನೆ.

ಅವರ ನಂಬರೇ ಕೊಡಿ. "ಒಂದು ಪಾರ್ಸೆಲ್ ಬರುತ್ತದೆ, ದುಡ್ಡು ಕೊಡಲಿಕ್ಕಿಲ್ಲ, ಬಂದವನಿಗೆ ನಿಮ್ಮ ಫೋನಿಗೆ ಬಂದ ಒಟಿಪಿ ಹೇಳಿದರೆ ಸಾಕು" ಅಂತ ಮೊದಲೇ ತಿಳಿಸಿ. ಒಳಗೆ ಏನು ಅಂತ ಹೇಳಬೇಕಾಗಿಲ್ಲ. ದುಡ್ಡು ಕೊಡಲಿಕ್ಕಿಲ್ಲ ಅನ್ನುವ ಮಾತನ್ನು ನಾನಂತೂ ಈಗ ಎರಡು ಸಲ ಹೇಳುತ್ತೇನೆ.

ಮೊಬೈಲ್ ಫೋನಿನಂಥ ದುಬಾರಿ ವಸ್ತುವಿಗೆ ಕೆಲವು ಅಂಗಡಿಗಳು ಬಾಗಿಲಲ್ಲೇ ಪೆಟ್ಟಿಗೆ ಬಿಚ್ಚಿ ತೋರಿಸಿ ಆಮೇಲೆ ಒಟಿಪಿ ಕೇಳುತ್ತವೆ. ಮೋಸ ತಡೆಯಲು ಅದು ಒಳ್ಳೆಯದೇ. ಆದರೆ ಉಡುಗೊರೆಯನ್ನು ಡೆಲಿವರಿ ಹುಡುಗನೇ ಬಿಚ್ಚಿದ ಹಾಗಾಗುತ್ತದೆ. ಅಂಥದ್ದನ್ನು ನಮ್ಮ ಮನೆಗೆ ತರಿಸುವುದೇ ಸರಿ.

ಗಿಫ್ಟ್ ಪ್ಯಾಕಿಂಗ್: ಅಂಗಡಿಯದೋ, ನಮ್ಮದೋ?

ಅಂಗಡಿಯ ಗಿಫ್ಟ್ ಪ್ಯಾಕಿಂಗ್ ಹೇಗಿರುತ್ತದೆ ಅಂತ ನೋಡಲು ಒಮ್ಮೆ ನನ್ನ ವಿಳಾಸಕ್ಕೇ ತರಿಸಿದ್ದೆ. ಹೊರಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೀಲ. ಒಳಗೆ ಹೊಳೆಯುವ ಕೆಂಪು ಕಾಗದ, ಒಂದು ಮೂಲೆ ಹರಿದಿತ್ತು, ಆ ಹರಿದ ಜಾಗಕ್ಕೆ ಕಂದು ಟೇಪು. ಮೇಲೆ ಇದ್ದ ರಿಬ್ಬನ್ ಹೂವು ಹಪ್ಪಳದ ಹಾಗೆ ಚಪ್ಪಟೆ. ಚೀಟಿಯಲ್ಲಿ ನಾನು ಬರೆದ ಎರಡು ಸಾಲು ಕನ್ನಡದ ಬದಲು ಸಾಲಾಗಿ ಚೌಕ ಚೌಕ ಗುರುತು ಬಿದ್ದಿತ್ತು. ಅವರ ಪ್ರಿಂಟರಿನಲ್ಲಿ ಕನ್ನಡ ಇರಲಿಲ್ಲ ಕಾಣುತ್ತದೆ. ಇದಕ್ಕೆ 99 ರೂಪಾಯಿ.

ಕಾಗದ ಸುತ್ತಿ ಬರೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಹೀಗೇ ಆಗುವುದು. ಗಟ್ಟಿ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ಕಳಿಸುವವರ ಪ್ಯಾಕಿಂಗ್ ಚೆನ್ನಾಗಿಯೇ ಬರುತ್ತದೆ. ಹಾಗಾಗಿ ಕೇಳಬೇಕಾದ್ದು ಕಾಗದ ಯಾವುದು ಅಂತ ಅಲ್ಲ, ಅದರ ಹೊರಗೆ ಏನು ಅಂತ. ಮಿಕ್ಸಿ, ಕುಕ್ಕರ್ ತರದವು ಹಲವು ಸಲ ಕಂಪನಿಯ ಪೆಟ್ಟಿಗೆಯಲ್ಲೇ ಬರುತ್ತವೆ, ಅದರ ಮೇಲೆ ಮಿಕ್ಸಿಯ ದೊಡ್ಡ ಚಿತ್ರ, ಚಿತ್ರದ ಮೇಲೆ ವಿಳಾಸದ ಚೀಟಿ. ಅಲ್ಲಿ ಗುಟ್ಟು ಅನ್ನುವುದೇ ಇಲ್ಲ.

ಬೆಲೆ ಗುಟ್ಟಾಗಿ ಇಡುವುದೂ ಅರ್ಧ ಮಾತ್ರ ಸಾಧ್ಯ. ಗಿಫ್ಟ್ ಅಂತ ಹೇಳಿದರೆ ಕೆಲವರು ಬಿಲ್ಲನ್ನು ಇಮೇಲಿಗೆ ಮಾತ್ರ ಕಳಿಸುತ್ತಾರೆ, ಕೆಲವರು ಹೊರಗೆ ಪಾರದರ್ಶಕ ಲಕೋಟೆಯಲ್ಲಿ ಅಂಟಿಸಿಯೇ ಬಿಡುತ್ತಾರೆ. ಇನ್ನು ಪ್ಯಾಕೆಟ್ಟಿನ ಮೇಲೆ ಅಚ್ಚಾದ ಎಂಆರ್‌ಪಿ ಕಾನೂನಿನ ಪ್ರಕಾರ ಇರಲೇಬೇಕಾದ್ದು, ಅದನ್ನು ಅಂಗಡಿಯವರು ಅಳಿಸುವ ಹಾಗಿಲ್ಲ. ಬೆಲೆ ಕಾಣಲೇಬಾರದು ಅಂದರೆ ಮನೆಗೆ ತರಿಸಿ ಹೊರಗಿನ ಪೊಟ್ಟಣ ತೆಗೆದು ಕಟ್ಟುವುದೊಂದೇ ದಾರಿ.

ಗಿಫ್ಟ್ ಪ್ಯಾಕಿಂಗ್ ಬೇಡ ಅಂದರೂ ಬಿಲ್ಲಿನಲ್ಲಿ ಬಂದಿದೆಯಾ ಅಂತ ನೋಡಿಕೊಳ್ಳಿ. ನಾವು ಕೇಳದ್ದನ್ನು ಮೊದಲೇ ಗುರುತು ಹಾಕಿ ಬಿಲ್ಲಿಗೆ ಸೇರಿಸುವುದನ್ನು 2023ರಲ್ಲಿ ಕೇಂದ್ರ ಸರ್ಕಾರ ತಂದ ಮಾರ್ಗಸೂಚಿ ನಿಷೇಧಿಸಿದೆ. ಹಾಗಂತ ಕಣ್ಣು ಮುಚ್ಚಿ ದುಡ್ಡು ಕಟ್ಟುವುದು ಬೇಡ.

ನಾವೇ ಕಟ್ಟಿ ಕಳಿಸಿದರೆ: ಪೆಟ್ಟಿಗೆಯ ತೂಕ

ಮನೆಯಲ್ಲಿ ಕಟ್ಟುವಾಗ ಖರ್ಚು ಕಾಗದದಲ್ಲಿ ಇಲ್ಲ, ಪೆಟ್ಟಿಗೆಯ ಗಾತ್ರದಲ್ಲಿ ಉಂಟು. ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ಕಿಲೋ ಲೆಕ್ಕ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಕೆಲವು ಕಂಪನಿಗಳು 5000ದ ಬದಲು ಬೇರೆ ಸಂಖ್ಯೆ ಹಿಡಿಯುತ್ತವೆ, ಲೆಕ್ಕದ ರೀತಿ ಮಾತ್ರ ಇದೇ.

ಅತ್ತೆಯ ಸೀರೆಯನ್ನೇ ತೆಗೆದುಕೊಳ್ಳಿ. ಕಟ್ಟಿದ ಮೇಲೆ ತೂಕ 900 ಗ್ರಾಂ. ಚಪ್ಪಟೆ ಪೆಟ್ಟಿಗೆ 38, 28, 5 ಸೆಂಟಿಮೀಟರ್ ಆದರೆ ಗುಣಿಸಿ ಭಾಗಿಸಿದಾಗ 1.06 ಕಿಲೋ. ಅದೇ ಸೀರೆಯನ್ನು ಚಂದದ ಗಿಫ್ಟ್ ಡಬ್ಬಿಯಲ್ಲಿಟ್ಟು 40, 30, 12ರ ಪೆಟ್ಟಿಗೆಗೆ ಹಾಕಿದರೆ 2.88 ಕಿಲೋ. ಅರ್ಧ ಕಿಲೋ ಲೆಕ್ಕದಲ್ಲಿ ಮೇಲಕ್ಕೆ ಏರಿಸುವುದರಿಂದ ಮೊದಲನೆಯದಕ್ಕೆ ಒಂದೂವರೆ ಕಿಲೋ ದುಡ್ಡು, ಎರಡನೆಯದಕ್ಕೆ ಮೂರು. ಒಂದೇ ಸೀರೆ, ಖರ್ಚು ಹೆಚ್ಚುಕಡಿಮೆ ಎರಡು ಪಟ್ಟು.

ಇಷ್ಟರಲ್ಲಿ ಅಮ್ಮ ಬರುತ್ತಾರೆ. "ಹೇಗೂ ಕಳಿಸುತ್ತೀಯಲ್ಲ, ಹಲಸಿನ ಹಪ್ಪಳ ಒಂದು ಕಟ್ಟು ಇಡು." ಹಪ್ಪಳ ಪುಡಿಯಾಗಬಾರದು ಅಂತ ಡಬ್ಬಿ, ಡಬ್ಬಿ ಹಿಡಿಯಲು ದೊಡ್ಡ ಪೆಟ್ಟಿಗೆ. 40, 30, 20 ಆಯಿತು. 4.8 ಕಿಲೋ! ಹಪ್ಪಳದ ನಿಜವಾದ ತೂಕ ಅರ್ಧ ಕಿಲೋ ಇರಲಿಕ್ಕಿಲ್ಲ. ಆದರೂ ಇಡುತ್ತೇನೆ, ಬೇಡ ಅನ್ನಲು ಆಗುತ್ತದಾ? ಅಂಗಡಿಯಿಂದ ನೇರ ಹೋದ ಪಾರ್ಸೆಲಿನಲ್ಲಿ ಹಪ್ಪಳ ಇರುವುದಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ದೊಡ್ಡ ವಾದ.

ಒಣ ಕೊಬ್ಬರಿ ಮಾತ್ರ ಇಡಬೇಡಿ. ಅದರಲ್ಲಿರುವ ಎಣ್ಣೆಯಿಂದ ರಾಶಿಯಲ್ಲಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನ ಸಾಗಣೆಯಲ್ಲಿ ಅದನ್ನು ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಸಿಕ್ಕರೆ ಇಡೀ ಪಾರ್ಸೆಲ್ ನಿಲ್ಲುತ್ತದೆ. ಸೆಂಟ್ ಬಾಟಲಿಗೂ ಅದೇ ತೊಂದರೆ.

ಕಟ್ಟುವಾಗ ಗಿಫ್ಟ್ ಕಾಗದದ ಹೊರಗೆ ಒಂದು ಪದರ ಪ್ಲಾಸ್ಟಿಕ್ ಇರಲಿ, ನಮ್ಮ ಕರಾವಳಿಯಲ್ಲಿ ಹಬ್ಬಕ್ಕೂ ಮಳೆ ಬರುವುದುಂಟು. ಪೆಟ್ಟಿಗೆಯ ಒಳಗೂ ವಿಳಾಸ ಬರೆದ ಒಂದು ಚೀಟಿ ಹಾಕಿ. ಹೊರಗಿನ ಚೀಟಿ ಹರಿದು ಹೋದರೆ ಅದೊಂದೇ ಆಧಾರ.

ಕಳಿಸುವುದು ಹೇಗೆ ಅನ್ನುವುದು ಊರಿನ ಮೇಲೆ ನಿಂತಿದೆ. ಬೆಂಗಳೂರು, ಮೈಸೂರು ಆದರೆ ರಾತ್ರಿ ಬಸ್ಸಿಗೆ ಹಾಕುವುದು ನಮ್ಮ ಕಡೆ ಹಳೆಯ ರೂಢಿ, ಬೆಳಿಗ್ಗೆ ಅಲ್ಲಿ ಇರುತ್ತದೆ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಸೇವೆಯೂ 2021ರಿಂದ ಉಂಟು. ಆದರೆ ಮನೆಬಾಗಿಲಿಗೆ ಬರುತ್ತದೆ ಅಂತ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಅವರೇ ಎದ್ದು ಹೋಗಿ ತರಬೇಕು. ಅಣ್ಣನ ಮಗನಿಗೆ ಹೀಗೆ ಆಟದ ಕಾರು ಕಳಿಸಿದಾಗ ಅಣ್ಣ ಬೆಳಿಗ್ಗೆ ಐದೂವರೆಗೆ ಎದ್ದು ಹೋಗಿದ್ದ, ಇವತ್ತಿಗೂ ನೆನಪಿಸುತ್ತಾನೆ. ದೂರದ ಊರು, ಸಣ್ಣ ಪಟ್ಟಣ ಆದರೆ ಸ್ಪೀಡ್ ಪೋಸ್ಟ್. ಖಾಸಗಿ ಕೊರಿಯರ್ ಹೋಗದ ಪಿನ್‌ಕೋಡಿಗೂ ಅದು ಹೋಗುತ್ತದೆ. ದೊಡ್ಡ ನಗರಕ್ಕೆ ಬೇಗ ಮುಟ್ಟಬೇಕು ಅಂದರೆ ಕೊರಿಯರ್.

ದುಡ್ಡು

ಉಡುಗೊರೆ ನೇರ ಹೋಗುವುದಾದರೆ ಕ್ಯಾಶ್ ಆನ್ ಡೆಲಿವರಿ ಇಲ್ಲವೇ ಇಲ್ಲ. ಅತ್ತೆಯ ಕತೆ ಹೇಳಿದೆನಲ್ಲ. ನಮ್ಮ ಮನೆಗೆ ತರಿಸುವುದಾದರೆ ನಡೆಯುತ್ತದೆ. ಆಗ ಒಂದು ಮಾತು ನೆನಪಿರಲಿ: ನಗದು ಕೊಟ್ಟದ್ದನ್ನು ವಾಪಸು ಮಾಡಿದರೆ ನಗದು ಬರುವುದಿಲ್ಲ. ಬ್ಯಾಂಕ್ ಖಾತೆಯ ವಿವರ ಕೇಳುತ್ತಾರೆ, ಇಲ್ಲ ಅಂಗಡಿಯ ವಾಲೆಟ್ಟಿಗೆ ಹಾಕುತ್ತಾರೆ.

ಯುಪಿಐಯಲ್ಲಿ ದುಡ್ಡು ಕಟ್ ಆಗಿ ಆರ್ಡರ್ ಆಗದಿದ್ದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಅಂಗಡಿಗೆ ಕಟ್ಟಿದ ದುಡ್ಡು ಹೀಗೆ ಸಿಕ್ಕಿಹಾಕಿಕೊಂಡರೆ ವ್ಯವಹಾರದ ದಿನದ ನಂತರ 5 ದಿನದೊಳಗೆ ತಾನಾಗಿ ವಾಪಸು ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕಾರ್ಡಿನಲ್ಲಿ ಆನ್‌ಲೈನ್ ಕಟ್ಟಿದ್ದಕ್ಕೂ ಅಷ್ಟೇ ದಿನ. ಸೇಲ್ ಮುಗಿಯುತ್ತದೆ ಅಂತ ಕೂಡಲೇ ಮತ್ತೆ ಕಟ್ಟುವ ಮೊದಲು ಹತ್ತು ನಿಮಿಷ ಬಿಟ್ಟು ಆರ್ಡರ್ ಪಟ್ಟಿ ನೋಡಿ, ಎಷ್ಟೋ ಸಲ ಆರ್ಡರ್ ತಡವಾಗಿ ಕಾಣುತ್ತದೆ. ನಾನು ಆ ಹತ್ತು ನಿಮಿಷ ಕಾದಿದ್ದರೆ ಅತ್ತೆಯ 1,850 ಉಳಿಯುತ್ತಿತ್ತು.

ಕಾರ್ಡಿನ ಹಬ್ಬದ ರಿಯಾಯಿತಿಯಲ್ಲಿ ಒಂದು ಸಣ್ಣ ಕೊಕ್ಕೆ ಉಂಟು. 3,000ಕ್ಕೆ ಮೇಲೆ ಕೊಂಡರೆ ಶೇಕಡಾ 10 ಕಡಿಮೆ ಅಂತ ಇಟ್ಟುಕೊಳ್ಳಿ. 2,400ರ ಸೀರೆ, 700ರ ಕುರ್ತಾ, ಒಟ್ಟು 3,100. 310 ಕಳೆದು 2,790 ಕಟ್ಟಿದಿರಿ. ಕುರ್ತಾ ವಾಪಸು ಮಾಡಿದರೆ 700 ಬರುವುದಿಲ್ಲ, ಅದರ ಪಾಲಿನ ರಿಯಾಯಿತಿ ಕಳೆದು 630 ಬರುತ್ತದೆ. ಅದು ನ್ಯಾಯವೇ. ಆದರೆ "ಈಗ ಒಟ್ಟು 3,000ಕ್ಕಿಂತ ಕಡಿಮೆ ಆಯಿತು" ಅಂತ ಇಡೀ 310ನ್ನೂ ಹಿಡಿದುಕೊಳ್ಳುವ ಷರತ್ತು ಕೆಲವರದ್ದು. ಆಗ 390 ಮಾತ್ರ ಕೈಗೆ. ಅಳತೆ ಸರಿಯಾಗುತ್ತದೋ ಇಲ್ಲವೋ ಅನ್ನುವ ಬಟ್ಟೆಯನ್ನು ರಿಯಾಯಿತಿಯ ಲೆಕ್ಕ ತುಂಬಿಸಲು ಸೇರಿಸಬೇಡಿ.

ವಾಪಸು: ಗಡಿಯಾರ ಯಾವಾಗ ಶುರು?

ನನ್ನ ಮಟ್ಟಿಗೆ ಎರಡು ದಾರಿಯ ನಡುವೆ ಆರಿಸುವಾಗ ಇದೇ ಮುಖ್ಯ. 7 ದಿನದೊಳಗೆ ವಾಪಸು ಅಂದರೆ ಪಾರ್ಸೆಲ್ ಮುಟ್ಟಿದ ದಿನದಿಂದ 7. ಉಡುಗೊರೆ ಬಿಚ್ಚಿದ ದಿನದಿಂದ ಅಲ್ಲ. ಅತ್ತೆಯಂಥವರು ಹಬ್ಬದ ದಿನವೇ ಬಿಚ್ಚುವುದು, ಅಲ್ಲಿವರೆಗೆ ದೇವರ ಕೋಣೆಯಲ್ಲಿ ಇಟ್ಟಿರುತ್ತಾರೆ. ಹತ್ತು ದಿನ ಮೊದಲೇ ಮುಟ್ಟಿದ್ದರೆ ಬಿಚ್ಚುವಾಗ ಅವಧಿ ಮುಗಿದಿರುತ್ತದೆ. ಹಬ್ಬಕ್ಕೆ ಅವಧಿ ಹೆಚ್ಚಿಸುವ ಅಂಗಡಿಗಳು ಇವೆ, ಕೊಳ್ಳುವ ಮೊದಲು ಅದನ್ನು ಓದಿ.

ಮನೆಗೆ ತರಿಸಿದರೆ ಬಂದ ದಿನವೇ ನಾವು ನೋಡುತ್ತೇವೆ. ವಿಳಾಸದ ಚೀಟಿ ಕಾಣುವ ಹಾಗೆ ಶುರು ಮಾಡಿ, ನಿಲ್ಲಿಸದೆ ವಿಡಿಯೋ ತೆಗೆಯುತ್ತಾ ಬಿಚ್ಚಬಹುದು. ಸೀರೆಯನ್ನು ಪೂರ್ತಿ ಹರಡಿ ಬೆಳಕಿಗೆ ಹಿಡಿದರೆ ಎಳೆ ಹೋದದ್ದು, ಕಲೆ ಬಿದ್ದದ್ದು ಕಾಣುತ್ತದೆ. ಉಡುಗೊರೆ ಪಡೆದವರು ಇದನ್ನು ಮಾಡುವುದಿಲ್ಲ. ಕಲೆ ಕಂಡರೂ ಹೇಳುವುದಿಲ್ಲ, ಬೇಜಾರಾದೀತು ಅಂತ.

ಆದರೆ ಅಳತೆಯ ತೊಂದರೆ ನಮ್ಮ ಮನೆಯಲ್ಲಿ ಗೊತ್ತಾಗುವುದಿಲ್ಲ. ಭಾವನಿಗೆ ಪುಣೆಗೆ ಕುರ್ತಾ ಕಳಿಸಿದ್ದೆ, ಉಡುಪಿಯಲ್ಲಿ ನೋಡಿ ಇಸ್ತ್ರಿ ಮಾಡಿಸಿ. ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಆಗಲಿಲ್ಲ. ಬದಲಿಸೋಣ ಅಂದರೆ ಅಂಗಡಿಯವರು ಮೊದಲು ಮುಟ್ಟಿಸಿದ ವಿಳಾಸದಿಂದ ಮಾತ್ರ ತೆಗೆದುಕೊಂಡು ಹೋಗುತ್ತೇವೆ ಅಂದರು. ಪುಣೆಯಿಂದ ಉಡುಪಿಗೆ, ಉಡುಪಿಯಿಂದ ಅಂಗಡಿಗೆ, ಮತ್ತೆ ಹೊಸದು ಉಡುಪಿಗೆ, ಆಮೇಲೆ ಪುಣೆಗೆ. ಕುರ್ತಾದ ಬೆಲೆಗಿಂತ ಪ್ರಯಾಣ ಭತ್ಯೆ ಜಾಸ್ತಿ. ನೇರ ಕಳಿಸಿದ್ದರೆ ಭಾವನ ಬಾಗಿಲಿಗೇ ಬಂದು ಬದಲಿಸುತ್ತಿದ್ದರು, ನಾನು ನನ್ನ ಖಾತೆಯಿಂದ ಒಂದು ಕೋರಿಕೆ ಹಾಕಿದರೆ ಸಾಕಿತ್ತು. ಅಳತೆಯ ಬಟ್ಟೆ, ಚಪ್ಪಲಿ ಯಾವಾಗಲೂ ನೇರ ಕಳಿಸಿ. ಬಂದ ದಿನವೇ ಹಾಕಿ ನೋಡಲು ಹೇಳಿ, ಸರ್‌ಪ್ರೈಸ್ ಹೋದರೆ ಹೋಗಲಿ.

ವಾಪಸಿನ ದುಡ್ಡು ಕಟ್ಟಿದವರಿಗೇ ಬರುತ್ತದೆ, ಪಡೆದವರಿಗಲ್ಲ. ಬಣ್ಣ ಇಷ್ಟವಾಗಲಿಲ್ಲ ಅಂತ ಮರಳಿಸಿದರೆ ಗಿಫ್ಟ್ ಪ್ಯಾಕಿಂಗಿನ 99 ಸಾಮಾನ್ಯವಾಗಿ ಹೋದ ಹಾಗೆಯೇ. ವಸ್ತುವೇ ಹಾಳಾಗಿ ಬಂದಿದ್ದರೆ ಮಾತ್ರ ಅದನ್ನೂ ಕೇಳಿ.

ಇನ್ನು ಸ್ಕ್ರೀನ್‌ಶಾಟ್ ವಿಷಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ದೋಷದ್ದಾಗಿದ್ದರೆ, ತೋರಿಸಿದ ಹಾಗೆ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾರುವವರು ವಾಪಸು ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ನೆರೆ, ಗುಡ್ಡ ಕುಸಿತದಂಥ ಕೈಮೀರಿದ ಕಾರಣಕ್ಕೆ ತಡವಾದರೆ ಮಾತ್ರ ಈ ಮಾತು ನಡೆಯುವುದಿಲ್ಲ. ಹಬ್ಬದ ರಶ್ಶು ನೆರೆಯಲ್ಲ. "ಸೇಲಿನಲ್ಲಿ ಕೊಂಡದ್ದು, ವಾಪಸಿಲ್ಲ" ಅಂತ ಬರೆದಿದ್ದರೂ ಹರಿದ ಸೀರೆಗೆ ಅದು ಅನ್ವಯಿಸುವುದಿಲ್ಲ. ದೂರು ಕೊಟ್ಟ 48 ಗಂಟೆಯೊಳಗೆ ಸಿಕ್ಕಿತು ಅಂತ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಗ ತಾರೀಕಿನ ಆ ಚಿತ್ರ ಬೇಕಾಗುತ್ತದೆ.

ರೀಫಂಡ್ ಕೊಡುತ್ತೇವೆ, ಯುಪಿಐ ಪಿನ್ ಒತ್ತಿ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಪಿನ್ ಬೇಕಾಗುವುದು ದುಡ್ಡು ಕೊಡಲು, ಪಡೆಯಲು ಅಲ್ಲ. ಹಬ್ಬದ ವಾರದಲ್ಲಿ "ವಿಳಾಸ ಸರಿಯಿಲ್ಲ, 5 ರೂಪಾಯಿ ಕಟ್ಟಿ" ಅಂತ ಬರುವ ಲಿಂಕುಗಳೂ ಅದೇ ಜಾತಿ. ಒತ್ತಿ ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈ ಸಲದ್ದು ಹೀಗೆ ಮಾಡಿದ್ದೇನೆ. ಅತ್ತೆಯ ಸೀರೆ ನಮ್ಮ ಮನೆಗೆ ಬಂತು, ಹರಡಿ ನೋಡಿ ಚಪ್ಪಟೆ ಪೆಟ್ಟಿಗೆಗೆ ಹಾಕಿದೆ. ಹಪ್ಪಳ ಬೇರೆ, ಡೊಂಬಿವಿಲಿಗೆ ಹೋಗುವ ಪಕ್ಕದ ಮನೆಯವರ ಬ್ಯಾಗಿನಲ್ಲಿ. ಭಾವನ ಕುರ್ತಾ ನೇರ ಪುಣೆಗೆ, ಒಂದು ಅಳತೆ ದೊಡ್ಡದು. ಅಣ್ಣನ ಮಗನ ಆಟಿಕೆಯೂ ನೇರ ಬೆಂಗಳೂರಿಗೆ. ಬಸ್ಸು ಅಂದರೆ ಅಣ್ಣ ಫೋನೇ ಎತ್ತುವುದಿಲ್ಲ. ಅತ್ತೆಗೆ ನಿನ್ನೆ ಫೋನ್ ಮಾಡಿ ಪಾರ್ಸೆಲ್ ಬರುತ್ತದೆ ಅಂದೆ. "ಎಷ್ಟು ರೆಡಿ ಇಡಬೇಕು?" ಅಂತ ಕೇಳಿದರು.